ಫ್ರಿಜ್ಜಿನ ಸುತ್ತ ಎಷ್ಟು ಜಾಗ ಬಿಡಬೇಕು? ಗೋಡೆ, ಒಲೆ, ಬಿಸಿಲಿನ ಲೆಕ್ಕ

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. 260 ಲೀಟರಿನ ಡಬಲ್ ಡೋರ್ ಫ್ರಿಜ್ ಅಡುಗೆಮನೆಯ ಮೂಲೆಯಲ್ಲಿದೆ. ಎಡಕ್ಕೆ ಎರಡು ಬೆರಳು ಬಿಟ್ಟು ಗೋಡೆ, ಬಲಕ್ಕೆ ಒಂದು ಗೇಣು ದೂರದಲ್ಲಿ ಗ್ಯಾಸ್ ಒಲೆ, ಹಿಂದೆ ಗೋಡೆಗೆ ತಾಗಿಯೇ ಇದೆ, ಮೇಲೆ ಅಟ್ಟ. ಮೂರು ಗಂಟೆಯ ಮೇಲೆ ಎದುರಿನ ಪಶ್ಚಿಮದ ಕಿಟಕಿಯಿಂದ ಬಾಗಿಲ ಮೇಲೆ ಬಿಸಿಲು ಬೀಳುತ್ತದೆ. ಎರಡೂ ಪಕ್ಕ ಮುಟ್ಟಿದರೆ ಸುಡುತ್ತವೆ, ಮೋಟಾರು ನಿಲ್ಲುವುದೇ ಇಲ್ಲ, ಹಾಲು ಎರಡನೇ ದಿನಕ್ಕೇ ಒಡೆಯುತ್ತಿದೆ. ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕು ಎನ್ನುತ್ತಾರೆ. ತುಂಬಿಸಬೇಕೇ, ಅಥವಾ ಜಾಗ ಬಿಟ್ಟರೆ ಸಾಕೇ? ಬಿಡುವುದಾದರೆ ಯಾವ ಕಡೆ ಎಷ್ಟು?

ಉತ್ತರ: ಗ್ಯಾಸಿಗೆ ಈಗಲೇ ಹಣ ಕೊಡಬೇಡಿ. ಎರಡೂ ಪಕ್ಕ ಸುಡುತ್ತಿವೆ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರ ಸಿಕ್ಕಿತು. ಫ್ರಿಜ್ಜಿನ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಎಲ್ಲೋ ತೂತಾಗಿ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದಾಗ ಮೋಟಾರು ಓಡುತ್ತಲೇ ಇರುತ್ತದೆ, ಆದರೆ ಪಕ್ಕಗಳು ಬಿಸಿಯಾಗುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ತರುವ ಗ್ಯಾಸೇ ಇಲ್ಲದಿದ್ದರೆ ಪಕ್ಕಕ್ಕೆ ಬಿಸಿ ಬರುವುದಾದರೂ ಎಲ್ಲಿಂದ? ನಿಮ್ಮ ಫ್ರಿಜ್ಜಿನಲ್ಲಿ ಶಾಖ ಒಳಗಿಂದ ಪಕ್ಕದ ತಗಡಿನವರೆಗೆ ಸರಿಯಾಗಿಯೇ ಬರುತ್ತಿದೆ. ತಗಡಿನಿಂದ ಗಾಳಿಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತಿದೆ. ಹಾಗಾಗಿ ಮೊದಲು ಜಾಗ ಸರಿಪಡಿಸಿ, ಒಂದು ದಿನ ಬಿಟ್ಟು ಅಳೆದು ನೋಡಿ. ಅಳೆಯುವ ಬಗೆಯನ್ನು ಕೊನೆಯಲ್ಲಿ ಹೇಳಿದ್ದೇನೆ.

ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ತೆಗೆದು ಹೊರಗೆ ಹಾಕುತ್ತದೆ, ಅಷ್ಟೇ. ಹಾಲು, ತರಕಾರಿ, ಬಾಗಿಲು ತೆಗೆದಾಗ ಒಳನುಗ್ಗಿದ ಗಾಳಿ, ಗೋಡೆಯ ಮೂಲಕ ಇಳಿದ ಬಿಸಿ, ಇವೆಲ್ಲ ಸೇರಿದ ಶಾಖ ಒಂದು ಪಾಲು. ಕಂಪ್ರೆಸರ್ ಉಣ್ಣುವ ಕರೆಂಟೂ ಕೊನೆಗೆ ಶಾಖವೇ ಆಗುತ್ತದೆ, ಅದು ಇನ್ನೊಂದು ಪಾಲು. ಎರಡನ್ನೂ ಹೊರಗೆ ಚೆಲ್ಲುವ ಪೈಪಿಗೆ ಕಂಡೆನ್ಸರ್ ಎನ್ನುತ್ತಾರೆ. ಸುತ್ತಲಿನ ಗಾಳಿಗಿಂತ ಈ ಪೈಪು ಬಿಸಿಯಾಗಿದ್ದರೆ ಮಾತ್ರ ಶಾಖ ಗಾಳಿಗೆ ಹರಿಯುತ್ತದೆ. ಸುತ್ತಲಿನ ಗಾಳಿಯೇ ಕಾದು ನಿಂತಿದ್ದರೆ ಪೈಪು ಅದಕ್ಕಿಂತಲೂ ಹೆಚ್ಚು ಕಾಯಬೇಕು. ಹಾಗೆ ಕಾಯಿಸಲು ಕಂಪ್ರೆಸರ್ ಗ್ಯಾಸನ್ನು ಇನ್ನಷ್ಟು ಒತ್ತಡಕ್ಕೆ ಏರಿಸಬೇಕು. ಕಂಡೆನ್ಸರ್ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಅದೇ ಕೆಲಸಕ್ಕೆ ಸುಮಾರು ಶೇ. 2ರಿಂದ 3ರಷ್ಟು ಹೆಚ್ಚು ಕರೆಂಟು ಬೇಕು ಎನ್ನುವುದು ಈ ಕಸುಬಿನವರ ಕೈಲೆಕ್ಕ.

ಜೊತೆಗೆ ಎರಡನೆಯ ಪೆಟ್ಟೂ ಬೀಳುತ್ತದೆ. ಕೋಣೆ 32 ಡಿಗ್ರಿ, ಫ್ರಿಜ್ಜಿನೊಳಗೆ 4 ಡಿಗ್ರಿ ಇದ್ದರೆ ನಡುವಿನ ಅಂತರ 28. ಮೂಲೆಯಲ್ಲಿ ನಿಂತ ಗಾಳಿ 42 ಡಿಗ್ರಿಗೆ ಏರಿದರೆ ಅಂತರ 38 ಆಯಿತು. ಗೋಡೆಯ ಮೂಲಕ ಒಳಗಿಳಿಯುವ ಶಾಖ ಈ ಅಂತರಕ್ಕೆ ತಕ್ಕಂತೆ ಏರುತ್ತದೆ. ಆ ಬಿಸಿಗಾಳಿಯಲ್ಲಿ ನಿಂತ ಪಕ್ಕಗಳಿಂದ ಒಳಹೋಗುವ ಶಾಖ ಮೂರನೇ ಒಂದು ಭಾಗ ಹೆಚ್ಚಿತು ಎಂದರ್ಥ. ಹೊರಬೇಕಾದ ಹೊರೆಯೂ ಹೆಚ್ಚಿತು, ಹೊರುವ ಕಷ್ಟವೂ ಹೆಚ್ಚಿತು. ಮೋಟಾರು ನಿಲ್ಲದೆ ಓಡುವುದು ಇದರಿಂದ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಇಡೀ ಹೊತ್ತು ಓಡಿದರೂ ಸಾಲದಾಗುತ್ತದೆ. ಆಗ ಒಳಗಿನ ಉಷ್ಣತೆ 4ರಿಂದ 9, 10ಕ್ಕೆ ಏರಿ ಹಾಲು ಒಡೆಯತೊಡಗುತ್ತದೆ.

ಬಿಲ್ಲಿನ ಮಟ್ಟಿಗೆ ನಷ್ಟವನ್ನು ಹಿಗ್ಗಿಸಿ ಹೇಳಬೇಕಿಲ್ಲ. ದಿನಕ್ಕೆ ಮುಕ್ಕಾಲು ಯೂನಿಟ್ ಉಣ್ಣಬೇಕಾದ ಫ್ರಿಜ್ಜು ಒಂದು ಯೂನಿಟ್ ದಾಟಿದರೂ ತಿಂಗಳಿಗೆ ಹೆಚ್ಚುವುದು ಹತ್ತು ಯೂನಿಟ್ಟಿನ ಆಸುಪಾಸು. ಗೃಹಜ್ಯೋತಿಯ 200 ಯೂನಿಟ್ ಗೆರೆಯ ಹತ್ತಿರ ಇರುವ ಮನೆಗೆ ಆ ಹತ್ತು ಯೂನಿಟ್ಟೂ ದೊಡ್ಡದೇ, ಅದು ಬೇರೆ ಮಾತು. ನಿಜವಾದ ನಷ್ಟ ಕಂಪ್ರೆಸರಿನದು. ಬೇಸಗೆಯಿಡೀ ಹೆಚ್ಚಿನ ಒತ್ತಡದಲ್ಲಿ, ಹೆಚ್ಚಿನ ಬಿಸಿಯಲ್ಲಿ ನಿಲ್ಲದೆ ಓಡಿದ ಕಂಪ್ರೆಸರಿನ ಆಯುಸ್ಸು ಕುಗ್ಗುತ್ತದೆ.

ಬಿಸಿ ಹೊರಬರುವ ಜಾಗ ಯಾವುದು?

ಜಾಗ ಎಷ್ಟು ಬಿಡಬೇಕು ಎಂಬುದಕ್ಕಿಂತ ಮೊದಲು ಯಾವ ಕಡೆ ಬಿಡಬೇಕು ಎಂಬುದು ತೀರ್ಮಾನವಾಗಬೇಕು. ಹಳೆಯ ಫ್ರಿಜ್ಜುಗಳ ಬೆನ್ನಿಗೆ ಕಪ್ಪು ತಂತಿಯ ಜಾಲರಿ ಕಾಣುತ್ತಿತ್ತು. ಅದೇ ಕಂಡೆನ್ಸರ್. ಅಂಥ ಫ್ರಿಜ್ಜಿಗೆ ಹಿಂದಿನ ಜಾಗವೇ ಜೀವ. ಪಕ್ಕದಲ್ಲಿ ಎರಡು ಬೆರಳು ಇದ್ದರೂ ನಡೆಯುತ್ತಿತ್ತು. ಈಗಿನ ಡಬಲ್ ಡೋರ್ ಫ್ರಿಜ್ಜುಗಳಲ್ಲಿ ಬೆನ್ನು ಬಹುಪಾಲು ನುಣುಪಾಗಿರುತ್ತದೆ. ಪೈಪು ಎಡ ಬಲ ಪಕ್ಕದ ತಗಡಿನ ಒಳಮೈಗೆ ಅಂಟಿಕೊಂಡು ಹಾವಿನಂತೆ ಮೇಲೆ ಕೆಳಗೆ ಹರಿದಿರುತ್ತದೆ. ಪಕ್ಕದ ತಗಡೇ ಅಲ್ಲಿ ಕಂಡೆನ್ಸರ್. ಎರಡೂ ಪಕ್ಕ ಬಿಸಿ ಎಂದು ನೀವು ಹೇಳಿದ್ದರಿಂದ ನಿಮ್ಮದು ಈ ಬಗೆಯದು. ಮೂರನೆಯ ಬಗೆ ದೊಡ್ಡ ಸೈಡ್ ಬೈ ಸೈಡ್ ಫ್ರಿಜ್ಜುಗಳಲ್ಲಿ ಇರುತ್ತದೆ. ಕಂಡೆನ್ಸರನ್ನು ಕೆಳಗೆ ಕಂಪ್ರೆಸರಿನ ಪಕ್ಕ ಇಟ್ಟು ಫ್ಯಾನಿನಿಂದ ಗಾಳಿ ಊದಿಸುತ್ತಾರೆ. ಅದಕ್ಕೆ ಕೆಳಗಿನ ಕಿಂಡಿಗಳು ಮುಚ್ಚದಿರುವುದು ಮುಖ್ಯ.

ಗುರುತಿಸುವುದು ಸುಲಭ. ಮೋಟಾರು ಅರ್ಧ ಗಂಟೆ ಓಡಿದ ಮೇಲೆ ಪಕ್ಕ, ಹಿಂಬದಿ, ಮೇಲ್ಭಾಗ ಒಂದೊಂದನ್ನೂ ಅಂಗೈಯಿಂದ ಮುಟ್ಟಿ ನೋಡಿ. ಬಿಸಿ ಎಲ್ಲಿದೆಯೋ ಜಾಗ ಅಲ್ಲಿ ಬೇಕು. ಬಾಗಿಲ ಚೌಕಟ್ಟಿನ ಅಂಚು, ರಬ್ಬರು ಕೂರುವ ಜಾಗ, ಬೆಚ್ಚಗಿರುವುದು ಮಾತ್ರ ದೋಷವಲ್ಲ. ಅಲ್ಲಿ ಬೆವರು ಹನಿಯಬಾರದೆಂದು ಬಿಸಿ ಪೈಪನ್ನು ಬೇಕೆಂದೇ ಹಾಯಿಸಿರುತ್ತಾರೆ.

ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಪಕ್ಕದ ತಗಡಿಗೆ ಬಟ್ಟೆ ಹುಕ್ಕಿಗೆಂದೋ ಮಸಾಲೆ ಸ್ಟ್ಯಾಂಡಿಗೆಂದೋ ಸ್ಕ್ರೂ ಹೊಡೆಯಬೇಡಿ. ತಗಡಿನ ಹಿಂದೆಯೇ ಗ್ಯಾಸಿನ ಪೈಪಿದೆ, ಒಂದೇ ತೂತಿಗೆ ಫ್ರಿಜ್ಜು ಮುಗಿಯುತ್ತದೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಇರುವುದು ಆರ್ 600 ಎ, ಅಂದರೆ ಐಸೋಬ್ಯುಟೇನ್. ಕೆಲವು ಹತ್ತು ಗ್ರಾಂ ಮಾತ್ರ ಇರುತ್ತದೆ, ಆದರೆ ಬೆಂಕಿ ಹತ್ತುವ ಗ್ಯಾಸು ಅದು.

ಗಾಳಿಗೆ ಬರುವ ಬಾಗಿಲೂ ಬೇಕು, ಹೋಗುವ ಬಾಗಿಲೂ ಬೇಕು

ನಿಮ್ಮ ಫ್ರಿಜ್ಜಿಗೆ ಎರಡೂ ಪಕ್ಕದಲ್ಲಿ ಕನಿಷ್ಠ 5 ಸೆಂ.ಮೀ., ಹಿಂದೆ 5ರಿಂದ 8 ಸೆಂ.ಮೀ., ಮೇಲೆ 15 ಸೆಂ.ಮೀ. ಖಾಲಿ ಇರಲಿ. ನಾಲ್ಕು ಬೆರಳು ಅಡ್ಡ ಹಿಡಿದರೆ ಏಳು ಸೆಂಟಿಮೀಟರು ಆಗುತ್ತದೆ. ಟೇಪು ಇಲ್ಲದಿದ್ದರೆ ಪಕ್ಕಕ್ಕೂ ಹಿಂದಕ್ಕೂ ಅದೇ ಅಳತೆ ಸಾಕು. ಬೆನ್ನಿಗೆ ಕಪ್ಪು ಜಾಲರಿ ಇರುವ ಫ್ರಿಜ್ಜಿಗಾದರೆ ಹಿಂದೆ 10 ಸೆಂ.ಮೀ. ಬಿಡಿ. ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನ ಅಳತೆ ಇದ್ದರೆ ಅದನ್ನೇ ಪಾಲಿಸಿ. ಆ ಕಂಪನಿ ತನ್ನ ಪೈಪಿನ ಉದ್ದ, ಜಾಗ ನೋಡಿಕೊಂಡೇ ಬರೆದಿರುತ್ತದೆ. ಕೆಲವು ಫ್ರಿಜ್ಜುಗಳ ಹಿಂದೆ ಪ್ಲಾಸ್ಟಿಕ್ಕಿನ ಮೊಟ್ಟೆಗಳಂಥ ಉಬ್ಬು ಇರುತ್ತವೆ. ಗೋಡೆಗೆ ಅವು ತಾಗುವ ತನಕ ಮಾತ್ರ ತಳ್ಳಬಹುದು ಎಂದರ್ಥ. ಕಿತ್ತು ಹಾಕಬೇಡಿ.

ಪಕ್ಕಕ್ಕಿಂತ ಮೇಲೆ ಯಾಕೆ ಇಷ್ಟು ಹೆಚ್ಚು ಎಂದು ಅನ್ನಿಸಬಹುದು. ನಿಮ್ಮ ಮೂಲೆಯಲ್ಲಿ ಫ್ಯಾನು ಇಲ್ಲ. ಗಾಳಿ ತಾನಾಗಿಯೇ ಕಾದು ಹಗುರಾಗಿ ಮೇಲೇರಬೇಕು, ಆ ಜಾಗಕ್ಕೆ ನೆಲದ ಹತ್ತಿರದಿಂದ ತಣ್ಣಗಿನ ಗಾಳಿ ಬರಬೇಕು. ಹಳ್ಳಿಯ ಒಲೆಯ ಹೊಗೆಗೂಡು ಕೆಲಸ ಮಾಡುವುದು ಹೀಗೆಯೇ. ಹೊಗೆಗೂಡಿನ ಬಾಯಿಗೆ ಹಲಗೆ ಮುಚ್ಚಿದರೆ ಒಲೆ ಹೊಗೆಯಾಡುವಂತೆ, ಫ್ರಿಜ್ಜಿನ ಮೇಲಿನ ಜಾಗ ಮುಚ್ಚಿದರೆ ಪಕ್ಕದಲ್ಲಿ ಎಷ್ಟು ಬಿಟ್ಟರೂ ಬಿಸಿ ಅಲ್ಲೇ ಸುತ್ತುತ್ತದೆ. ಎರಡು ಪಕ್ಕ ಮತ್ತು ಬೆನ್ನಿನಿಂದ ಏರಿದ ಗಾಳಿಯೆಲ್ಲ ಮೇಲೆ ಬಂದು, ಅಟ್ಟದ ಕೆಳಗೆ ಹಾದು, ಮುಂದಿನಿಂದ ಹೊರಬೀಳಬೇಕು. ಇಕ್ಕಟ್ಟು ಹೆಚ್ಚಾಗಿ ಆಗುವುದು ಈ ಒಂದೇ ಜಾಗದಲ್ಲಿ.

ಅಟ್ಟ ಎಷ್ಟು ಎತ್ತರದಲ್ಲಿದೆ ಎಂದು ನೀವು ಬರೆದಿಲ್ಲ. 15 ಸೆಂ.ಮೀ.ಗಿಂತ ಹೆಚ್ಚಿದ್ದರೆ ಸಂತೋಷ, ಆದರೆ ಆ ಜಾಗ ಖಾಲಿ ಇರಬೇಕು. ಫ್ರಿಜ್ಜಿನ ತಲೆಯ ಮೇಲೆ ಸ್ಟೆಬಿಲೈಸರು, ಇಡ್ಲಿ ಪಾತ್ರೆ, ಹಪ್ಪಳದ ಡಬ್ಬಿ, ಅದರ ಮೇಲೆ ಪಕ್ಕಕ್ಕೆ ಇಳಿಬಿದ್ದ ಜೇಬಿನ ಹೊದಿಕೆ, ಇವು ಸಾಮಾನ್ಯ. ಜೇಬಿನ ಹೊದಿಕೆ ಪಕ್ಕದ ತಗಡಿನ ಮೇಲಿನ ಗೇಣಗಲ ಜಾಗಕ್ಕೆ ಕಂಬಳಿ ಹೊದಿಸಿದ ಹಾಗೆ. ನಿಮ್ಮದರಲ್ಲಿ ಅದಿದ್ದರೆ ಇವತ್ತೇ ತೆಗೆಯಿರಿ. ಸ್ಟೆಬಿಲೈಸರನ್ನು ಗೋಡೆಗೆ ಹಾಕಿ. ಬಹಳಷ್ಟು ಇನ್ವರ್ಟರ್ ಫ್ರಿಜ್ಜುಗಳಿಗೆ ಹೊರಗಿನ ಸ್ಟೆಬಿಲೈಸರ್ ಬೇಕಾಗಿಯೇ ಇಲ್ಲ, ಎಷ್ಟು ವೋಲ್ಟೇಜಿನಿಂದ ಎಷ್ಟರವರೆಗೆ ತಡೆಯುತ್ತದೆ ಎಂಬುದು ಪುಸ್ತಕದಲ್ಲಿ ಇರುತ್ತದೆ.

ಗಾಳಿ ನಿಜವಾಗಿ ಏರುತ್ತಿದೆಯೇ ಎಂದು ನೋಡಲು ಟಿಶ್ಯೂ ಕಾಗದದ ಒಂದು ಬೆರಳಗಲದ, ಗೇಣುದ್ದದ ಪಟ್ಟಿ ಸಾಕು. ಎರಡು ಪದರ ಇದ್ದರೆ ಬಿಡಿಸಿ ಒಂದೇ ಪದರ ಮಾಡಿಕೊಳ್ಳಿ. ಮನೆಯ ಫ್ಯಾನುಗಳನ್ನು ನಿಲ್ಲಿಸಿ, ಮೋಟಾರು ಓಡುತ್ತಿರುವಾಗ, ಫ್ರಿಜ್ಜಿನ ಮೇಲಂಚಿನಲ್ಲಿ ಪಕ್ಕದ ಸಂದಿಯ ಬಾಯಿಗೆ ಪಟ್ಟಿಯ ತುದಿಯನ್ನು ಅಡ್ಡವಾಗಿ ಚಾಚಿ ಹಿಡಿಯಿರಿ. ಗಾಳಿ ಏರುತ್ತಿದ್ದರೆ ತುದಿ ಮೆಲ್ಲನೆ ಮೇಲಕ್ಕೆ ಬಾಗುತ್ತದೆ. ಅಲುಗದೆ ಕೆಳಗೆ ಜೋತುಬಿದ್ದರೆ ಅಲ್ಲಿ ಗಾಳಿ ನಿಂತಿದೆ. ಊದುಬತ್ತಿ ಹೊಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಅಡುಗೆ ಸಿಲಿಂಡರೂ ಬೆಂಕಿ ಹತ್ತುವ ಗ್ಯಾಸಿನ ಫ್ರಿಜ್ಜೂ ಇರುವ ಮೂಲೆಗೆ ಕಿಡಿ ಒಯ್ಯುವುದು ಬೇಡ.

ಒಲೆ: ಫ್ರಿಜ್ಜನ್ನಲ್ಲ, ಒಲೆಯನ್ನು ಸರಿಸಿ

ನಿಮ್ಮ ಮನೆಯಲ್ಲಿ ಎಡಕ್ಕೆ ಇರುವುದು ಎರಡು ಬೆರಳು, ಅಂದರೆ ಮೂರರಿಂದ ನಾಲ್ಕು ಸೆಂ.ಮೀ. ಅದನ್ನು ಆರಕ್ಕೆ ಏರಿಸಲು ಫ್ರಿಜ್ಜನ್ನು ಬಲಕ್ಕೆ ಸರಿಸಿದರೆ ಒಲೆ ಇನ್ನೂ ಹತ್ತಿರವಾಗುತ್ತದೆ. ಇಲ್ಲಿ ಅನೇಕರು ಕೈಚೆಲ್ಲುತ್ತಾರೆ. ಕಟ್ಟೆಯ ಮೇಲೆ ಜಾಗ ಇದ್ದರೆ ಸರಿಯಬೇಕಾದದ್ದು ಒಲೆ.

ಒಲೆಯಿಂದ ಎಷ್ಟು ಶಾಖ ಆಚೀಚೆ ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಮನೆಯ ದೊಡ್ಡ ಬರ್ನರು ಪೂರ್ತಿ ಉರಿಯಲ್ಲಿ ಎರಡು ಕಿಲೋವಾಟ್ ಆಸುಪಾಸು ಶಾಖ ಕೊಡುತ್ತದೆ. ಐಎಸ್‌ಐ ಗುರುತಿನ ಒಲೆಗೆ ಇರಬೇಕಾದ ಕನಿಷ್ಠ ದಕ್ಷತೆ ಶೇ. 68. ಉಳಿದ ಮೂರನೇ ಒಂದು ಭಾಗ, ಆರುನೂರು ವಾಟಿನಷ್ಟು, ಪಾತ್ರೆಗೆ ಸೇರದೆ ಅಡುಗೆಮನೆಗೆ ಹೋಗುತ್ತದೆ. ನಿಮ್ಮ ಫ್ರಿಜ್ಜು ಎರಡೂ ಪಕ್ಕದಿಂದ ಹೊರಹಾಕಲು ಹೆಣಗುತ್ತಿರುವುದು ಮೋಟಾರು ಓಡುವಾಗ ನೂರೈವತ್ತು ವಾಟಿನ ಸುತ್ತಮುತ್ತ. ಒಲೆಯ ಶಾಖದಲ್ಲಿ ಹೆಚ್ಚಿನದು ಮೇಲಕ್ಕೆ ಏರಿಹೋಗುತ್ತದೆ ನಿಜ. ಆದರೆ ರೊಟ್ಟಿ ಹಂಚು, ಕುಕ್ಕರಿನ ಕಾದ ಮೈ, ಉರಿಯ ಅಂಚು ಇವೆಲ್ಲ ಕೆಂಡದಂತೆ ಪಕ್ಕಕ್ಕೂ ಕಾವು ಬೀರುತ್ತವೆ. ದಿನಾ ಬೆಳಿಗ್ಗೆ ಒಂದು ಗಂಟೆ ರೊಟ್ಟಿ ಬೇಯುವ ಮನೆಯಲ್ಲಿ ಬಲಗಡೆಯ ತಗಡು, ಅಂದರೆ ಅರ್ಧ ಕಂಡೆನ್ಸರ್, ಆ ಹೊತ್ತಿನಲ್ಲಿ ಶಾಖ ಬಿಡುವ ಬದಲು ಶಾಖ ಹೀರುತ್ತಿರುತ್ತದೆ.

ಹತ್ತಿರದ ಬರ್ನರಿನ ಅಂಚಿನಿಂದ ಫ್ರಿಜ್ಜಿಗೆ 60 ಸೆಂ.ಮೀ., ಅಂದರೆ ಎರಡಡಿ, ಇದ್ದರೆ ನಿಶ್ಚಿಂತೆ. 45 ಸೆಂ.ಮೀ. ಆದರೂ ನಡೆಯುತ್ತದೆ. 30ಕ್ಕಿಂತ ಕಡಿಮೆ ಆದರೆ ಅಡ್ಡಗೋಡೆ ಬೇಕೇ ಬೇಕು. ಈಗ ಇರುವ ಗೇಣಿಗೆ ನಲವತ್ತು ಸೆಂ.ಮೀ. ಸೇರಿಸಿದರೆ ನಿಮ್ಮ ಅಳತೆ ಕೂಡಿಬರುತ್ತದೆ. ಅಷ್ಟು ಸರಿಸುವಾಗ ಸಿಲಿಂಡರಿನ ಕೊಳವೆ ಎಳೆದಂತಾಗಬಾರದು. ಸುರಕ್ಷಾ ಕೊಳವೆ ಒಂದೂವರೆ ಮೀಟರ್ ಉದ್ದದ್ದೂ ಸಿಗುತ್ತದೆ. ಇರುವುದು ಸಾಲದಿದ್ದರೆ ಏಜೆನ್ಸಿಯಿಂದ ಹೊಸದು ತನ್ನಿ, ಎರಡು ತುಂಡು ಜೋಡಿಸಬೇಡಿ. ದೊಡ್ಡ ಬರ್ನರು ಫ್ರಿಜ್ಜಿನಿಂದ ಆಚೆಯ ತುದಿಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು.

ಕಟ್ಟೆ ಚಿಕ್ಕದಾಗಿ ಒಲೆ ಸರಿಯದಿದ್ದರೆ ಅಡ್ಡತಗಡು ನಿಲ್ಲಿಸಬಹುದು. ಒಂದೇ ತಗಡು ಸಾಲದು. ಅದೇ ಕಾದು ಫ್ರಿಜ್ಜಿನ ಕಡೆಗೆ ಕಾವು ಬೀರುತ್ತದೆ. ಹೊಳಪಿನ ಎರಡು ಅಲ್ಯೂಮಿನಿಯಂ ಅಥವಾ ಸ್ಟೀಲ್ ತಗಡು, ನಡುವೆ ಎರಡು ಸೆಂ.ಮೀ. ಸಂದಿ, ಆ ಸಂದಿ ಕೆಳಗೂ ಮೇಲೂ ತೆರೆದಿರಬೇಕು. ಆಗ ಮೊದಲ ತಗಡಿನ ಕಾವು ಸಂದಿಯ ಗಾಳಿಯೊಡನೆ ಮೇಲೇರಿ ಹೋಗುತ್ತದೆ, ಎರಡನೆಯದು ಬಿಸಿಯಾಗುವುದು ಕಡಿಮೆ. ಕಟ್ಟೆಯಿಂದ ಎರಡಡಿ ಎತ್ತರ, ಒಲೆಯ ಆಳಕ್ಕಿಂತ ಒಂದು ಗೇಣು ಹೆಚ್ಚು ಅಗಲ ಇದ್ದರೆ ಸಾಕು. ಈ ಅಡ್ಡಗೋಡೆಗೂ ಫ್ರಿಜ್ಜಿಗೂ ನಡುವೆ ಆ 5 ಸೆಂ.ಮೀ. ಉಳಿದೇ ಇರಬೇಕು. ಫ್ರಿಜ್ಜಿಗೇ ಥರ್ಮೋಕೋಲ್ ಅಂಟಿಸುವವರಿದ್ದಾರೆ. ಹಾಗೆ ಮಾಡಿದರೆ ಒಲೆಯ ಶಾಖ ತಡೆಯಿತು ಎಂದುಕೊಂಡು ಫ್ರಿಜ್ಜಿನ ಶಾಖಕ್ಕೂ ಬಾಗಿಲು ಹಾಕಿದಂತಾಗುತ್ತದೆ. ಮೇಲಾಗಿ ಥರ್ಮೋಕೋಲ್ ಬೆಂಕಿಯ ಹತ್ತಿರ ಇಡುವ ವಸ್ತುವೇ ಅಲ್ಲ.

ಒಲೆಯ ನೆರೆಯಲ್ಲಿ ಇನ್ನೊಂದು ತೊಂದರೆ ಒಗ್ಗರಣೆಯ ಜಿಡ್ಡು. ಎಣ್ಣೆಯ ಹಬೆ ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೂತು, ಕಾವಿಗೆ ರಬ್ಬರು ಬಿರುಸಾಗಿ, ಬಾಗಿಲು ಬಿಗಿಯಾಗಿ ಕೂರದಂತೆ ಮಾಡುತ್ತದೆ. ಒಂದು ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಎಳೆದು ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರು ಹಿಡಿಯುತ್ತಿಲ್ಲ. ಬಾಗಿಲ ಸುತ್ತ ಎಂಟು ಹತ್ತು ಕಡೆ ಹೀಗೆ ನೋಡಿ. ಜಿಡ್ಡಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿದರೆ ಸಾಕು.

ಸಿಲಿಂಡರ್ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಫ್ರಿಜ್ಜಿನ ಕಂಪ್ರೆಸರೂ, ಹಳೆಯ ಮಾದರಿಗಳಲ್ಲಿ ಕಿಡಿ ಹಾರಿಸಬಲ್ಲ ಅದರ ರಿಲೇಯೂ ಇರುವುದು ನೆಲದ ಹತ್ತಿರವೇ. ಸಿಲಿಂಡರನ್ನು ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ ತುರುಕುವುದು ಎರಡು ಕಾರಣಕ್ಕೂ ತಪ್ಪು.

ಬಿಸಿಲು

ನಿಮ್ಮ ಮನೆಯಲ್ಲಿ ಬಿಸಿಲು ಬಾಗಿಲ ಮೇಲೆ ಬೀಳುತ್ತದೆ, ಪಕ್ಕಕ್ಕೆ ಅಲ್ಲ. ಇದು ಮೂರು ದೋಷಗಳಲ್ಲಿ ಚಿಕ್ಕದು. ಬಾಗಿಲಲ್ಲಿ ಕಂಡೆನ್ಸರ್ ಇಲ್ಲ, ನಾಲ್ಕೈದು ಸೆಂ.ಮೀ. ದಪ್ಪದ ಫೋಮು ಇದೆ. ಬಾಗಿಲ ತಗಡು ಕೋಣೆಗಿಂತ 25 ಡಿಗ್ರಿ ಹೆಚ್ಚು ಕಾದರೂ ಒಳಗೆ ಇಳಿಯುವ ಹೆಚ್ಚುವರಿ ಶಾಖ ಹತ್ತು ವಾಟಿನ ಸುಮಾರು. ಅದೂ ಸಣ್ಣದಲ್ಲ, ಏಕೆಂದರೆ ಈ ಅಳತೆಯ ಫ್ರಿಜ್ಜಿಗೆ ಎಲ್ಲ ಗೋಡೆಗಳಿಂದ ಸೇರಿ ಇಳಿಯುವ ಶಾಖವೇ ನಲವತ್ತು ವಾಟಿನ ಆಸುಪಾಸು. ಆದರೆ ಅದು ದಿನದ ಎರಡು ಮೂರು ಗಂಟೆ ಮಾತ್ರ. ಪಕ್ಕದ ತಗಡಿಗೆ ಬಿಸಿಲು ಬಿದ್ದರೆ ಕಥೆಯೇ ಬೇರೆ. ಬಿರುಬಿಸಿಲು ಒಂದು ಚದರ ಮೀಟರಿಗೆ ಎಂಟುನೂರು ವಾಟಿನಷ್ಟು ಶಾಖ ಸುರಿಯುತ್ತದೆ. ಅರ್ಧ ಚದರ ಮೀಟರ್ ತಗಡು ಅದರಲ್ಲಿ ಅರ್ಧ ಹೀರಿದರೂ ಇನ್ನೂರು ವಾಟ್, ಫ್ರಿಜ್ಜು ಹೊರಹಾಕುತ್ತಿರುವುದಕ್ಕಿಂತ ಹೆಚ್ಚು. ಬೇರೆ ಜಾಗ ಹುಡುಕುವಾಗ ಇದನ್ನು ನೆನಪಿಡಿ: ಬಾಗಿಲ ಮೇಲಿನ ಬಿಸಿಲನ್ನು ಪರದೆಯಿಂದ ಸಂಭಾಳಿಸಬಹುದು, ಪಕ್ಕಕ್ಕೆ ಬಿಸಿಲು ಬೀಳುವ ಜಾಗ ಬೇಡವೇ ಬೇಡ.

ಪರದೆ ಒಳಗಿದ್ದರೆ ಬಿಸಿಲು ಗಾಜು ದಾಟಿ ಬಂದು ಪರದೆಯನ್ನು ಕಾಯಿಸಿ, ಆ ಕಾವು ಅಡುಗೆಮನೆಯಲ್ಲೇ ಉಳಿಯುತ್ತದೆ. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಅಥವಾ ಹಸಿರು ನೆರಳುಬಲೆ ಕಟ್ಟಿದರೆ ಶಾಖ ಹೊರಗೇ ನಿಲ್ಲುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯದೆ ಗ್ರಿಲ್ಲಿಗೆ ಹಗ್ಗದಿಂದ ಕಟ್ಟಬಹುದು.

ಬಿಸಿಲು ಬೀಳುತ್ತದೋ ಇಲ್ಲವೋ ಎಂದು ಡಿಸೆಂಬರಿನಲ್ಲಿ ನೋಡಿ ತೀರ್ಮಾನಿಸಬೇಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಮುಳುಗುತ್ತಾನೆ. ಹುಬ್ಬಳ್ಳಿಯಲ್ಲಿ ಮೇ ತಿಂಗಳ ಮೊದಲಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಹಾಯುತ್ತಾನೆ. ಬೇಸಗೆಯ ಸಂಜೆ ಬಿಸಿಲು ವಾಯವ್ಯದಿಂದ ಓರೆಯಾಗಿ ಬರುತ್ತದೆ. ಚಳಿಗಾಲದಲ್ಲಿ ನೆರಳಿದ್ದ ಗೋಡೆಗೆ ಏಪ್ರಿಲ್ಲಿನಲ್ಲಿ ಬಿಸಿಲು ಬರುವುದು ಹೀಗೆ.

ಫ್ರಿಜ್ಜಿನ ಹಿಂದೆ ಅಥವಾ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಹವಾಮಾನದ ವರ್ಗ ಎಂದು ಒಂದು ಅಕ್ಷರ ಇರುತ್ತದೆ. ‘ಎಸ್‌ಟಿ’ ಎಂದಿದ್ದರೆ 38 ಡಿಗ್ರಿಯ ಕೋಣೆಯವರೆಗೆ, ‘ಟಿ’ ಎಂದಿದ್ದರೆ 43 ಡಿಗ್ರಿಯವರೆಗೆ ಫ್ರಿಜ್ಜು ತನ್ನ ಕೆಲಸ ಮಾಡಬಲ್ಲದು. ಇದು ಊರಿನ ಉಷ್ಣತೆಯ ಮಾತಲ್ಲ, ಫ್ರಿಜ್ಜಿನ ಮೈಗೆ ತಾಗುವ ಗಾಳಿಯದು. ಹೊರಗೆ 37 ಇದ್ದ ದಿನ ನಿಮ್ಮ ಮೂಲೆಯಲ್ಲಿ 45 ಆಗಿದ್ದರೆ ‘ಟಿ’ ವರ್ಗದ ಫ್ರಿಜ್ಜೂ ತನ್ನ ಮಿತಿ ದಾಟಿ ದುಡಿಯುತ್ತಿದೆ.

ಸರಿಸುವ ದಿನ

ಪ್ಲಗ್ ತೆಗೆದು, ಬಾಟಲಿ ಪಾತ್ರೆಗಳನ್ನೂ ಗಾಜಿನ ತಟ್ಟೆಗಳನ್ನೂ ಹೊರಗಿಡಿ. ಫ್ರಿಜ್ಜನ್ನು ನೆಟ್ಟಗೇ ಮುಂದಕ್ಕೆ ಎಳೆಯಿರಿ. ಹಿಂದೆ ಗಾಲಿ ಇರುತ್ತವೆ, ಮುಂದಿನ ಎರಡು ತಿರುಪಿನ ಕಾಲನ್ನು ಸ್ವಲ್ಪ ಮೇಲೆತ್ತಿದರೆ ಉರುಳುತ್ತದೆ. ಹಿಂದೆ ಕೆಳಗಡೆ ಕಂಪ್ರೆಸರ್ ಗೂಡಿನ ಕಿಂಡಿಗಳಲ್ಲಿ ಧೂಳು, ಜೇಡರ ಬಲೆ, ಜಿಡ್ಡು ಕೂತಿರುವುದು ಖಂಡಿತ. ಒಣ ಬ್ರಶ್ಶಿನಿಂದ ತೆಗೆಯಿರಿ, ನೀರು ಎರಚಬೇಡಿ. ಅಲ್ಲಿರುವ ಬಿಸಿ ಗಾಳಿ ಹೊರಹೋಗದಿದ್ದರೆ ಕಂಪ್ರೆಸರ್ ತನ್ನ ಶಾಖದಲ್ಲೇ ಬೇಯುತ್ತದೆ.

ನೆಲದ ಮೇಲೆ ಸೀಮೆಸುಣ್ಣದಿಂದ ಹಿಂದೆ 6, ಎಡಕ್ಕೆ 6 ಸೆಂ.ಮೀ. ಗೆರೆ ಎಳೆದು ಫ್ರಿಜ್ಜನ್ನು ಆ ಗೆರೆಗೆ ಕೂರಿಸಿ. ಮುಂದಿನ ಕಾಲುಗಳನ್ನು ಹಿಂದಿಗಿಂತ ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲ ಕೀಲು ಗೋಡೆಯ ಕಡೆ ಇದ್ದರೆ ತರಕಾರಿ ಟ್ರೇ ಪೂರ್ತಿ ಹೊರಬರುವಷ್ಟು ಬಾಗಿಲು ತೆರೆಯುತ್ತದೆಯೇ ನೋಡಿ. ಬರದಿದ್ದರೆ ಎಡಕ್ಕೆ ಇನ್ನೆರಡು ಸೆಂ.ಮೀ. ಬಿಡಿ. ನೆಟ್ಟಗೇ ಸರಿಸಿದ್ದರೆ ಐದು ಹತ್ತು ನಿಮಿಷ ಬಿಟ್ಟು ಸ್ವಿಚ್ ಹಾಕಬಹುದು. ಪೈಪಿನೊಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಸರಿಹೋಯಿತೇ ಎಂದು ತಿಳಿಯುವುದು

ಸರಿಸುವ ಹಿಂದಿನ ರಾತ್ರಿಯೇ ನಡುವಿನ ತಟ್ಟೆಯ ಮೇಲೆ ಒಂದು ಲೋಟ ನೀರಿನಲ್ಲಿ ಫ್ರಿಜ್ಜಿನ ಥರ್ಮಾಮೀಟರು ಮುಳುಗಿಸಿಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಂಕಿ ಬರೆದುಕೊಳ್ಳಿ. ಗಾಳಿಯ ಉಷ್ಣತೆ ಬಾಗಿಲು ತೆಗೆದ ಕ್ಷಣದಲ್ಲೇ ಬದಲಾಗುತ್ತದೆ, ನೀರಿನದು ಬದಲಾಗುವುದಿಲ್ಲ. ಅದಕ್ಕೇ ಲೋಟ. ಇನ್ನೊಂದು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಪಕ್ಕದ ಸಂದಿಯ ಮೇಲ್ತುದಿಯಲ್ಲಿ, ತಗಡಿಗೆ ತಾಗದಂತೆ ಇಳಿಬಿಡಿ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅದನ್ನೂ ಕೋಣೆಯ ಉಷ್ಣತೆಯನ್ನೂ ಬರೆದಿಡಿ. ಸಂದಿ ಕೋಣೆಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಗಾಳಿ ಆಡುತ್ತಿಲ್ಲ. ಐದರ ಒಳಗೆ ಇಳಿದರೆ ನಿಮ್ಮ ಕೆಲಸ ಸಾರ್ಥಕ.

ಸರಿಸಿ ಪೂರ್ತಿ 24 ಗಂಟೆ ಕಳೆದ ಮೇಲೆ ಮತ್ತೆ ಅಳೆಯಿರಿ. ಲೋಟದ ನೀರು 3ರಿಂದ 5 ಡಿಗ್ರಿಯಲ್ಲಿರಬೇಕು. ಪಕ್ಕದ ತಗಡು ಆಗಲೂ ಬೆಚ್ಚಗೇ ಇರುತ್ತದೆ, ಬೇಸಗೆಯಲ್ಲಿ 40–45 ಡಿಗ್ರಿ ಸಹಜ. ಅಂಗೈ ಇಟ್ಟು ನಿಧಾನವಾಗಿ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಲಾದರೆ ಸರಿ. ಮೋಟಾರು ನಿಲ್ಲುತ್ತದೆಯೇ ಎಂಬ ಪರೀಕ್ಷೆ ಹಳೆಯ ಬಗೆಯ ಕಂಪ್ರೆಸರಿಗೆ ಮಾತ್ರ ಹೊಂದುತ್ತದೆ. ನಿಮ್ಮದು ಇನ್ವರ್ಟರ್ ಆಗಿದ್ದರೆ ಅದು ಕಡಿಮೆ ವೇಗದಲ್ಲಿ ಹೆಚ್ಚು ಹೊತ್ತು ಓಡುವುದೇ ಸರಿಯಾದ ನಡೆ. ಅಂಥದಕ್ಕೆ ಪ್ಲಗ್ಗಿಗೆ ಹಾಕುವ ಯೂನಿಟ್ ಮೀಟರಿನಿಂದ ಸರಿಸುವ ಮೊದಲು ಒಂದು ದಿನ, ಆಮೇಲೆ ಒಂದು ದಿನ ಅಳೆದು ಹೋಲಿಸಿ. ಎರಡೂ ದಿನದ ಬಿಸಿಲು ಒಂದೇ ಬಗೆಯದ್ದಾಗಿರಲಿ.

ಇಷ್ಟಾದರೂ ನೀರು 8 ಡಿಗ್ರಿಗಿಂತ ಇಳಿಯದಿದ್ದರೆ ದೋಷ ಒಳಗಿದೆ. ಫ್ರೀಜರಿನಲ್ಲಿ ಐಸು ಗಟ್ಟಿಯಾಗುತ್ತಿದ್ದು ಕೆಳಗಿನ ಖಾನೆ ಮಾತ್ರ ತಂಪಾಗದಿದ್ದರೆ ಒಳಗಿನ ಫ್ಯಾನು ನಿಂತಿರಬಹುದು, ಅಥವಾ ಹಿಮ ಕರಗಿಸುವ ಹೀಟರು ಕೆಟ್ಟು ಗಾಳಿಯ ದಾರಿ ಹಿಮದಿಂದ ಮುಚ್ಚಿರಬಹುದು. ಅದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ. ಫ್ರೀಜರೂ ತಂಪಾಗದೆ, ಮೋಟಾರು ಓಡುತ್ತಿದ್ದೂ ಪಕ್ಕಗಳು ತಣ್ಣಗಿದ್ದರೆ ಮಾತ್ರ ಗ್ಯಾಸಿನ ಮಾತು ಬರುತ್ತದೆ. ಆಗ ಮೆಕ್ಯಾನಿಕ್ ಬಂದಾಗ ಮೂರು ವಿಷಯ ಕೇಳಿ: ಸೋರಿದ್ದು ಎಲ್ಲಿ ಎಂದು ತೋರಿಸಿ ಬೆಸುಗೆ ಹಾಕುತ್ತೀರಾ, ತುಂಬುವ ಮೊದಲು ಪಂಪಿನಿಂದ ಪೈಪನ್ನು ಪೂರ್ತಿ ನಿರ್ವಾತ ಮಾಡುತ್ತೀರಾ, ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತೀರಾ? ಈ ಮೂರಕ್ಕೂ ಹೌದು ಎಂದವರಿಗೆ ಮಾತ್ರ ಕೆಲಸ ಕೊಡಿ.